ಅಪ್‌ಡೇಟ್: ಹಳೇ ಸೀಲ್ ಸ್ಟಾಕ್ ಮತ್ತು ಬಿಒಎಂ ಬದಲಾವಣೆಯ ದಿನಾಂಕ

ನನ್ನ ಪ್ರಶ್ನೆ: ಪಂಪಿನ ಸೀಲ್ ಮತ್ತು ಸ್ಲೀವ್ ಎರಡರ ಡಿಸೈನ್ ಬದಲಾಗಿದೆ. ಹಳೇ ಸೀಲ್ 340 ಇವೆ, ವಾರಕ್ಕೆ 60 ಪಂಪ್ ಮಾಡುತ್ತೇವೆ. ಪಂಪಿನ ಭಾಗಗಳ ಪಟ್ಟಿಯಾದ ಬಿಒಎಂನಲ್ಲಿ ಹೊಸದು ಯಾವ ದಿನದಿಂದ ಜಾರಿಯಾಗಬೇಕು?

ಅಪ್‌ಡೇಟ್: ಸೀಲ್ ಎಣಿಸಿದರೆ ಸಾಲದು ಎಂದು ಇಲ್ಲಿ ಒಬ್ಬರು ಹೇಳಿದ್ದೇ ಸರಿ. ಹಳೇ ಸೀಲ್ ಹೊಸ ಸ್ಲೀವ್ ಮೇಲೆ ಕೂರುವುದಿಲ್ಲ. ಹಳೇ ಸ್ಲೀವ್ ಇದ್ದದ್ದು 290 ಮಾತ್ರ. ಅಂದರೆ ನಾಲ್ಕು ವಾರಕ್ಕೆ 240 ಹೋಗುತ್ತದೆ, ಐದನೇ ವಾರ ಮುಗಿಯುವ ಮೊದಲೇ ಸ್ಲೀವ್ ಖಾಲಿ.

ಹಾಗಾಗಿ ಐದನೇ ವಾರದ ಸೋಮವಾರವನ್ನೇ ಹಾಕಿದೆವು. ಉಳಿಯುವ 50 ಸ್ಲೀವ್, 100 ಸೀಲ್ ಸರ್ವಿಸ್ ಸ್ಟೋರಿಗೆ. ಹೊರಗೆ ಓಡುತ್ತಿರುವ ಹಳೇ ಪಂಪ್‌ಗಳಿಗೆ ಹೇಗೂ ಬೇಕಲ್ವಾ? ಹಳೇ ಪಾರ್ಟ್ ನಂಬರನ್ನು ಮುಚ್ಚಲಿಲ್ಲ, ಖರೀದಿ ಮಾತ್ರ ನಿಲ್ಲಿಸಿದೆವು.

ಒಂದು ತೊಡಕು ಬಂತು. ಮೊದಲೇ ರಿಲೀಸ್ ಆಗಿದ್ದ ವರ್ಕ್ ಆರ್ಡರ್‌ಗಳು ಹಳೇ ಬಿಒಎಂನ ಪ್ರತಿ ಹಿಡಿದೇ ಕೂತಿದ್ದವು. ದಿನಾಂಕ ಬದಲಿಸಿದರೂ ನಮ್ಮ ಇಆರ್‌ಪಿ ಅವನ್ನು ಮುಟ್ಟಲಿಲ್ಲ. ಆ ದಿನದಿಂದ ಶುರುವಾಗುವ ಆರ್ಡರ್‌ಗಳನ್ನು ಹುಡುಕಿ, ಕೈಯಾರೆ ಸೀಲ್, ಸ್ಲೀವ್ ಎರಡನ್ನೂ ಒಟ್ಟಿಗೆ ಬದಲಿಸಿದೆವು. ಹೊಸ ಸೀಲ್ ತಡವಾದರೆ ದಿನಾಂಕ ಮೂರ್ನಾಲ್ಕು ದಿನ ಮುಂದೂಡಬಹುದು. ಆ 50 ಜೋಡಿ ಅಷ್ಟಕ್ಕೇ ಸಾಕು.