ಸಹಾಯ ಬೇಕು: ಜೋಡಿ ಬಿಡಿಸಿದರೆ ಉತ್ತರ ಬದಲಾಗುತ್ತಿದೆ

ಧೂಮಪಾನ ಮತ್ತು ಹೃದಯಾಘಾತದ ಸಂಬಂಧದ ಬಗ್ಗೆ ಕೇಸ್-ಕಂಟ್ರೋಲ್ ಅಧ್ಯಯನ ಮಾಡುತ್ತಿದ್ದೇನೆ. 120 ರೋಗಿಗಳಿದ್ದಾರೆ. ಪ್ರತಿಯೊಬ್ಬರಿಗೂ ಅದೇ ಲಿಂಗದ, ಹೆಚ್ಚುಕಡಿಮೆ ಅದೇ ವಯಸ್ಸಿನ ಒಬ್ಬ ಆರೋಗ್ಯವಂತರನ್ನು ಜೋಡಿ ಮಾಡಿದೆ. ವಯಸ್ಸಿನ ಪ್ರಭಾವವನ್ನು ಸರಿದೂಗಿಸಲು ಇದು ಒಳ್ಳೆಯ ದಾರಿ ಎಂದು ಈಗಲೂ ನಂಬಿದ್ದೇನೆ. ಎಡವಟ್ಟಾದದ್ದು ಬೇರೆ ಕಡೆ: ಜನ ಸುಲಭವಾಗಿ ಸಿಗಲಿ ಎಂದು ಆ ಜೋಡಿಯನ್ನು ರೋಗಿಯ ಗೆಳೆಯರಿಂದಲೇ ಆರಿಸಿದೆ. ಸೇದುವವರ ಗೆಳೆಯರೂ ಸೇದುತ್ತಾರೆ ಎಂಬುದು ಆಗ ಹೊಳೆಯಲಿಲ್ಲ.

58 ಜೋಡಿಗಳಲ್ಲಿ ಇಬ್ಬರೂ ಸೇದುತ್ತಾರೆ, 36ರಲ್ಲಿ ಇಬ್ಬರೂ ಸೇದುವುದಿಲ್ಲ. ಇಬ್ಬರ ನಡುವೆ ವ್ಯತ್ಯಾಸವೇ ಇಲ್ಲದ ಈ 94 ಜೋಡಿಗಳು ಲೆಕ್ಕಕ್ಕೆ ಏನನ್ನೂ ಕೊಡುವುದಿಲ್ಲ. ಉಳಿದ 26ರಲ್ಲಿ, 18 ಕಡೆ ರೋಗಿ ಮಾತ್ರ, 8 ಕಡೆ ಗೆಳೆಯ ಮಾತ್ರ ಸೇದುತ್ತಾರೆ. ಆಡ್ಸ್ ಅನುಪಾತ 18/8, ಅಂದರೆ 2.25, ಆದರೆ ಶೇ 95ರ ವಿಶ್ವಾಸಾಂತರ ಸುಮಾರು 0.98ರಿಂದ 5.2ರವರೆಗೆ ಹರಡಿದೆ. ಇಷ್ಟು ದುಡಿದು ಕೈಗೆ ಬಂದದ್ದು ಇಷ್ಟೇ.

ಜೋಡಿಗಳನ್ನು ಬಿಡಿಸಿ ಎಲ್ಲರನ್ನೂ ಒಟ್ಟಿಗೆ ಎಣಿಸಿದೆ. ರೋಗಿಗಳಲ್ಲಿ 76 ಮಂದಿ, ಗೆಳೆಯರಲ್ಲಿ 66 ಮಂದಿ ಸೇದುವವರು. ಅನುಪಾತ 1.41ಕ್ಕೆ ಇಳಿಯಿತು! ಆಯ್ಕೆಯಲ್ಲೇ ಎರಡೂ ಗುಂಪುಗಳು ಒಂದರಂತೆ ಇನ್ನೊಂದಾಗಿರುವುದರಿಂದ ಸಂಬಂಧ ಪೇಲವವಾಗಿ ಕಾಣುತ್ತಿದೆ, ಹಾಗಾಗಿ 2.25 ಹೆಚ್ಚು ನಂಬಲರ್ಹ ಎಂಬುದು ನನ್ನ ಊಹೆ.

ಸಿಕ್ಕಿಹಾಕಿಕೊಂಡಿರುವುದು ಇಲ್ಲಿ: ಗೆಳೆಯರನ್ನು ಆರಿಸಿ ಸೇದುವ ಅಭ್ಯಾಸವನ್ನೂ ಹೊಂದಿಸಿಬಿಟ್ಟ ಈ ಅತಿಜೋಡಣೆಯಿಂದ ನಾನು ಕಳೆದುಕೊಂಡಿರುವುದು ನಿಖರತೆಯನ್ನು ಮಾತ್ರವೇ? ಹಾಗಿದ್ದರೆ ಇದೇ ರೀತಿ ಇನ್ನಷ್ಟು ಜೋಡಿಗಳನ್ನು ಸೇರಿಸಿದರೆ ಸಾಕೇ, ಅಥವಾ ಗೆಳೆಯರನ್ನು ಕೈಬಿಟ್ಟು, ವಯಸ್ಸು ಮತ್ತು ಲಿಂಗವನ್ನಷ್ಟೇ ಹೊಂದಿಸಿ ಹೊಸ ಕಂಟ್ರೋಲ್‌ಗಳನ್ನು ಆರಿಸಬೇಕೇ?