ಡಿಸೆಂಬರ್ 30ಕ್ಕೇ ಹೊಸ ವರ್ಷದ ಮೊದಲ ವಾರ ಹೇಗೆ?

ಪ್ರಶ್ನೆ (ಗಾರ್ಮೆಂಟ್ಸ್ ರವಾನೆ ವಿಭಾಗ): ನಮ್ಮ ಜರ್ಮನ್ ಖರೀದಿದಾರರು ಆರ್ಡರ್‌ನಲ್ಲಿ ತಾರೀಕು ಬರೆಯಲ್ಲ, ವಾರದ ನಂಬರ್ ಮಾತ್ರ ಕೊಡ್ತಾರೆ. ಅದಕ್ಕೆ ಎಕ್ಸೆಲ್‌ನಲ್ಲಿ ಈ ಸೂತ್ರ ಹಾಕಿದ್ದೆ:

```
=YEAR(A2)&"-W"&TEXT(ISOWEEKNUM(A2),"00")
```

30-12-2024ಕ್ಕೆ `2024-W01` ಅಂತ ಬಂತು. ವಿಂಗಡಿಸಿದಾಗ ಆ ಸಾಲು ಶೀಟಿನ ಮೇಲ್ತುದಿಗೆ, 2024ರ ಜನವರಿ ಸರಕಿನ ಜೊತೆ ಹೋಗಿ ಕೂತಿದೆ. ಎಕ್ಸೆಲ್‌ದೇ ತಪ್ಪಾ?

ಉತ್ತರ (ಡೇಟಾಬೇಸ್ ಕೆಲಸ, ಹದಿನೈದು ವರ್ಷ): ಮೇಡಂ, 01 ಸರಿಯಾಗಿದೆ. ಅದರ ಹಿಂದೆ ಅಂಟಿಸಿದ 2024 ತಪ್ಪು.

ತಾರೀಕು ಬರೆಯುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 8601 ಪ್ರಕಾರ ವಾರ ಸೋಮವಾರ ಶುರುವಾಗಿ ಭಾನುವಾರ ಮುಗಿಯುತ್ತದೆ. ವಾರವನ್ನು ಮಧ್ಯೆ ಮುರಿದು ಎರಡು ವರ್ಷಕ್ಕೆ ಹಂಚುವಂತಿಲ್ಲ, ಇಡೀ ವಾರ ಒಂದೇ ವರ್ಷಕ್ಕೆ ಸೇರಬೇಕು. ಯಾವ ವರ್ಷಕ್ಕೆ ಅನ್ನೋದನ್ನು ಗುರುವಾರ ಹೇಳುತ್ತದೆ. ನಮ್ಮ ಪಂಚಾಂಗದಲ್ಲಿ ಸೂರ್ಯೋದಯಕ್ಕಿದ್ದ ತಿಥಿಯೇ ಇಡೀ ದಿನದ ತಿಥಿ ಆಗುತ್ತದಲ್ಲ, ಹಾಗೆಯೇ ಗುರುವಾರ ಬಿದ್ದ ವರ್ಷವೇ ಇಡೀ ವಾರದ ವರ್ಷ. ಗುರುವಾರವೇ ಯಾಕೆ ಅಂದರೆ ಅದು ಏಳರ ನಟ್ಟನಡುವಿನ ದಿನ. ಅದು ಯಾವ ಕಡೆ ಬಿದ್ದರೂ ಆ ಕಡೆ ಕನಿಷ್ಠ ನಾಲ್ಕು ದಿನ ಇದ್ದೇ ಇರುತ್ತವೆ.

ನಿಮ್ಮ ತಾರೀಕನ್ನೇ ತೊಗೊಳ್ಳಿ. 30-12-2024 ಸೋಮವಾರ. ಆ ವಾರದ ಗುರುವಾರ 2-1-2025. ಹಾಗಾಗಿ ಸೋಮವಾರ, ಮಂಗಳವಾರ ಡಿಸೆಂಬರ್‌ನಲ್ಲಿದ್ದರೂ ಅವು 2025ರ ಒಂದನೇ ವಾರದವು. ನೀವು ವಾರವನ್ನು ಐಎಸ್‌ಒ ಲೆಕ್ಕದಿಂದ, ವರ್ಷವನ್ನು ಗೋಡೆ ಕ್ಯಾಲೆಂಡರಿನಿಂದ ತೊಗೊಂಡಿರಿ. ವರ್ಷವನ್ನೂ ಗುರುವಾರದಿಂದಲೇ ತೆಗೆಯಬೇಕು:

```
=YEAR(A2-WEEKDAY(A2,2)+4)&"-W"&TEXT(ISOWEEKNUM(A2),"00")
```

ಆವರಣದೊಳಗಿನ ಲೆಕ್ಕ ಯಾವ ದಿನ ಕೊಟ್ಟರೂ ಅದೇ ವಾರದ ಗುರುವಾರಕ್ಕೆ ಹೋಗಿ ನಿಲ್ಲುತ್ತದೆ. ಈಗ `2025-W01` ಬರುತ್ತದೆ.

ಪ್ರತಿಕ್ರಿಯೆ (ಲೆಕ್ಕಪತ್ರ): ಇಷ್ಟೆಲ್ಲ ಯಾಕೆ ಸರ್? ಜನವರಿ 1 ಇರುವ ವಾರವೇ ಮೊದಲ ವಾರ, ಮುಗೀತು. 2024, 2025 ಎರಡಕ್ಕೂ ನೋಡಿದೆ, ಸರಿಯಾಗೇ ಬರ್ತಿದೆ.

ಉತ್ತರ: ಆ ಎರಡು ವರ್ಷಕ್ಕೆ ಸರಿ, ಜನವರಿ 1 ಸೋಮವಾರ ಮತ್ತು ಬುಧವಾರ ಬಿದ್ದಿತ್ತು. 2023ಕ್ಕೆ ನೋಡಿ. ಅಲ್ಲಿ ಜನವರಿ 1 ಭಾನುವಾರ, ಅದು 2022ರ 52ನೇ ವಾರದ ಕೊನೆಯ ದಿನ. 2027ರಲ್ಲಿ ಶುಕ್ರವಾರ, ಆ ವಾರದ ಗುರುವಾರ 31-12-2026. ಹಾಗಾಗಿ ಹೊಸ ವರ್ಷದ ಮೊದಲ ಮೂರು ದಿನ 2026ರ 53ನೇ ವಾರಕ್ಕೆ ಸೇರುತ್ತವೆ. ನೆನಪಿಗೆ ಸುಲಭವಾದ ತಾರೀಕು ಬೇಕಿದ್ದರೆ ಜನವರಿ 4 ಇಟ್ಟುಕೊಳ್ಳಿ, ಅದು ಯಾವತ್ತೂ ಒಂದನೇ ವಾರದಲ್ಲೇ ಇರುತ್ತದೆ. ನೀವು ಹೇಳಿದ್ದು ಎಕ್ಸೆಲ್‌ನ ಹಳೆಯ `WEEKNUM` ಸೂತ್ರದ ನಿಯಮ. ಅದಕ್ಕೆ ವಾರ ಭಾನುವಾರ ಶುರು, 30-12-2024 ಕೊಟ್ಟರೆ 53 ಅನ್ನುತ್ತದೆ.

ಪ್ರತಿಕ್ರಿಯೆ (ಸಾಫ್ಟ್‌ವೇರ್): ಅಯ್ಯೋ, ನಮಗೆ ಇದರ ಉಲ್ಟಾ ಆಗಿತ್ತು. ಜಾವಾದಲ್ಲಿ ಯಾರೋ `yyyy-MM-dd` ಬದಲು `YYYY-MM-dd` ಬರೆದಿದ್ದರು. ವರ್ಷಪೂರ್ತಿ ಚೆನ್ನಾಗೇ ಇತ್ತು. 30-12-2024ರ ಬಿಲ್‌ಗಳ ಮೇಲೆ ಮಾತ್ರ `2025-12-30` ಅಂತ ಮುದ್ರಣ ಆಯ್ತು. ಟೆಸ್ಟಿಂಗ್‌ನಲ್ಲಿ ಸಿಗಲೇ ಇಲ್ಲ.

ಉತ್ತರ: ದೊಡ್ಡಕ್ಷರದ `YYYY` ವಾರದ ವರ್ಷ ಕೊಡುತ್ತದೆ, ತಿಂಗಳು ದಿನದ ಜೊತೆ ಅದನ್ನು ಸೇರಿಸಿದರೆ ಹೀಗೇ. ಅದು ಲೊಕೇಲ್ ನೋಡಿಕೊಂಡು ನಿಯಮ ಬದಲಿಸುತ್ತದೆ ಬೇರೆ. ಅಮೆರಿಕದ ಲೊಕೇಲ್ ಇದ್ದಿದ್ದರೆ 29ರ ಭಾನುವಾರವೇ ಕೈಕೊಡುತ್ತಿತ್ತು.

ಪ್ರತಿಕ್ರಿಯೆ (ಶಾಲಾ ಶಿಕ್ಷಕಿ): ನಮ್ಮಲ್ಲಿ ಶಾಲೆ ಶುರುವಾದ ವಾರವೇ ಒಂದನೇ ವಾರ. ಅದೂ ಸರಿ ಅಲ್ವಾ?

ಉತ್ತರ: ನಿಮ್ಮ ಪಾಠಯೋಜನೆಗೆ ಧಾರಾಳವಾಗಿ ಸರಿ ಮೇಡಂ. ಇದು ಅದಲ್ಲ.

ಪ್ರಶ್ನೆ ಕೇಳಿದವರು: ಹೊಸ ಸೂತ್ರ ಹಾಕಿದೆ, ಸಾಲು ಜಾಗಕ್ಕೆ ಬಂತು. ಹಳೆಯ ಶೀಟ್‌ಗಳಲ್ಲಿ ಸೂತ್ರ ಅಳಿಸಿ ಬರೀ ಫಲಿತಾಂಶ ಉಳಿಸಿದ್ದೇವೆ. ಎಲ್ಲ ಸಾಲೂ ನೋಡಬೇಕಾ?

ಉತ್ತರ: ಬೇಡ. ವರ್ಷ ಜಾರುವುದು ಡಿಸೆಂಬರ್ 29, 30, 31 ಮತ್ತು ಜನವರಿ 1, 2, 3, ಈ ಆರು ತಾರೀಕುಗಳಲ್ಲಿ ಮಾತ್ರ. ಡಿಸೆಂಬರ್ ತಾರೀಕಿಗೆ 01 ಇದ್ದು ಹಳೆಯ ವರ್ಷ ಅಂಟಿದ್ದರೆ, ಇಲ್ಲವೇ ಜನವರಿ ತಾರೀಕಿಗೆ 52 ಅಥವಾ 53 ಇದ್ದು ಹೊಸ ವರ್ಷ ಅಂಟಿದ್ದರೆ, ಆ ಸಾಲು ತಿದ್ದಿ.

ಪ್ರಶ್ನೆ ಕೇಳಿದವರು: ಇನ್ನೊಂದೇ ಮಾತು. `W01` ಅಂದರೆ ಸರಕು ಸೋಮವಾರ ಸೇರಬೇಕಾ, ಶುಕ್ರವಾರ ಆದರೂ ನಡೆಯುತ್ತಾ?

ಉತ್ತರ: ಅದನ್ನು ಐಎಸ್‌ಒ ಹೇಳುವುದಿಲ್ಲ. ದಿನವೂ ಬೇಕೆಂದರೆ `2025-W01-5` ಅಂತ ಬರೆಯುವ ಪದ್ಧತಿ ಇದೆ, 5 ಅಂದರೆ ಶುಕ್ರವಾರ. ನಿಮ್ಮವರು ಬರೆದಿಲ್ಲವಲ್ಲ.

ಪ್ರತಿಕ್ರಿಯೆ (ಲೆಕ್ಕಪತ್ರ): ನನ್ನ ಕೇಳಿದರೆ ಸೋಮವಾರ ಅಂತಲೇ ಇಟ್ಕೊಳ್ಳಿ. ತಡವಾದರೆ ದಂಡ ಕಟ್ಟೋರು ನೀವು.

ಪ್ರಶ್ನೆ ಕೇಳಿದವರು: ಆ ಸೋಮವಾರ ನಮ್ಮ ಲಾರಿ ಇನ್ನೂ ಗೇಟ್ ಒಳಗೇ ಇತ್ತು ಸರ್. ಖರೀದಿದಾರರಿಗೆ ಮೇಲ್ ಹಾಕಿ ಕೇಳ್ತೀನಿ.