[ಪದಚರ್ಚೆ] ಸೈನ್–ಕೊಸೈನ್ ಗುಣಲಬ್ಧವನ್ನು ಮೊತ್ತ ಮಾಡುವುದಕ್ಕೆ ಏನನ್ನೋಣ?

ಅನುವಾದಿ:
ಎಲ್ಲರಿಗೂ ನಮಸ್ಕಾರ. ತ್ರಿಕೋನಮಿತಿಯ ಒಂದು ಅಭ್ಯಾಸ ಪುಸ್ತಿಕೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಎರಡು ತಲೆಬರಹಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಒಂದು ಭಾಗದಲ್ಲಿ sin A · cos B ತರಹದ್ದನ್ನು ಕೂಡಿಸಿದ ರೂಪಕ್ಕೆ ತರುತ್ತಾರೆ. ಇನ್ನೊಂದರಲ್ಲಿ sin C + sin D ಅನ್ನು ತಿರುಗಿಸಿ ಗುಣಿಸಿದ ರೂಪಕ್ಕೆ ತರುತ್ತಾರೆ. ಸದ್ಯಕ್ಕೆ ‘ಗುಣಲಬ್ಧದಿಂದ ಮೊತ್ತಕ್ಕೆ’, ‘ಮೊತ್ತದಿಂದ ಗುಣಲಬ್ಧಕ್ಕೆ’ ಎಂದು ಬರೆದಿದ್ದೇನೆ.

ನನ್ನ ಅನುಮಾನ ಎರಡು. ಮೊದಲನೆಯದು, sin C − sin D ಕೂಡ ಇದರಲ್ಲೇ ಬರುತ್ತದೆ. ಅದು ವ್ಯತ್ಯಾಸ ಅಲ್ವಾ, ಮೊತ್ತ ಎಂದರೆ ಸಾಕಾ? ಎರಡನೆಯದು, ಮೂಲದಲ್ಲಿ ಎರಡೂ ಕಡೆ ‘ಸುಲಭ ರೂಪಕ್ಕೆ ತನ್ನಿ’ ಎಂದೇ ಇದೆ. ಎದುರುಬದುರು ದಿಕ್ಕಿನ ಎರಡು ಕೆಲಸಕ್ಕೂ ‘ಸುಲಭ’ ಹೇಗಾಗುತ್ತದೆ?

ತಿಳಿಗನ್ನಡ:
ಗುಣಲಬ್ಧ ಬೇಡ. ಕನ್ನಡದಲ್ಲಿ ಮಾತಾಡುವವರು ಯಾರೂ ಆ ಪದ ಬಳಸುವುದಿಲ್ಲ. ‘ಕೂಡುಕಳೆ’ ಎನ್ನಿ, ಮುಗಿಯಿತು. ಕೂಡುವುದೂ ಬಂತು, ಕಳೆಯುವುದೂ ಬಂತು.

ಪದಮೂಲ:
‘ಕೂಡುಕಳೆ’ ಎಂದಿದ್ದು ಚೆನ್ನಾಗಿದೆ, ಅದಕ್ಕೊಂದು ಹಿನ್ನೆಲೆಯೂ ಇದೆ. 16ನೇ ಶತಮಾನದ ಕೊನೆಗೆ ಟೈಕೊ ಬ್ರಾಹೆಯಂಥ ಖಗೋಳಜ್ಞರು ದೊಡ್ಡ ಸಂಖ್ಯೆಗಳನ್ನು ಗುಣಿಸಲು ಇದೇ ಸೂತ್ರ ಬಳಸುತ್ತಿದ್ದರು. ಕೋಷ್ಟಕದಲ್ಲಿ ಎರಡು ಕೋನ ಹುಡುಕಿ, ಅವನ್ನು ಕೂಡಿ, ಕಳೆದು, ಮತ್ತೆ ಕೋಷ್ಟಕ ನೋಡಿದರೆ ಗುಣಾಕಾರ ಸಿಗುತ್ತಿತ್ತು. ಅದಕ್ಕೆ ಪ್ರಾಸ್ತಫೆರೆಸಿಸ್ ಎಂದು ಹೆಸರು. ಗ್ರೀಕಿನಲ್ಲಿ ಅದರ ಅರ್ಥವೇ ಕೂಡುವುದು–ಕಳೆಯುವುದು. 1614ರಲ್ಲಿ ನೇಪಿಯರ್ ಲಾಗರಿದಮ್ ತಂದ ಮೇಲೆ ಅದು ಮೂಲೆ ಸೇರಿತು.

ಆದರೆ ಪುಸ್ತಿಕೆಯಲ್ಲಿ ಸೈನ್, ಕೊಸೈನ್ ಎಂದೇ ಯಾಕೆ ಬಿಟ್ಟಿದ್ದೀರಿ? ಎರಡೂ ನಮ್ಮವೇ. ಜ್ಯಾ ಎಂಬುದರಿಂದ ಸೈನ್, ಕೋಟಿಜ್ಯಾ ಎಂಬುದರಿಂದ ಕೊಸೈನ್. ಮನೆಯ ಪದ ಇರುವಾಗ ಹೊರಗಿನದೇಕೆ?

ಲೆಕ್ಕದಮೇಜು:
ಅರ್ಧ ಸರಿ. ಜ್ಯಾ, ಜೀವಾ ಎಂಬುದು ಅರಬ್ಬಿಯಲ್ಲಿ ‘ಜೀಬ’ ಆಯಿತು. ಅದನ್ನು ‘ಜೈಬ್’ ಎಂದು ಓದಿ ಲ್ಯಾಟಿನ್ನಿಗೆ ‘ಸೈನಸ್’ ಎಂದು ತಂದರು. ಅಷ್ಟು ನಿಜ. ಕೊಸೈನಿನ ‘ಕೊ’ ಮಾತ್ರ ಕೋಟಿಯಿಂದ ಬಂದದ್ದಲ್ಲ. ಅದು ಪೂರಕ ಕೋನದ ಸೈನ್ ಎಂಬ ಲ್ಯಾಟಿನ್ ಮಾತಿನ ಮೊಟಕು. 1620ರಲ್ಲಿ ಗಂಟರ್ ಹಾಗೆ ಬರೆದ. ಸದ್ದು ಕೂಡಿಬಂತು ಎಂದು ಮೂಲ ಒಂದೇ ಆಗಲ್ಲ.

ಈಗ ಅನುವಾದಿಯವರ ಮೊದಲ ಪ್ರಶ್ನೆ. ‘ಮೊತ್ತ’ ಸಾಕು. sin C − sin D ಎಂದರೆ sin C + sin(−D). D ಇದ್ದಲ್ಲಿ −D ಹಾಕಿದರೆ ಅದೇ ಸೂತ್ರ ನಡೆಯುತ್ತದೆ. ಕೊಸೈನಿನಲ್ಲಿ ಈ ಉಪಾಯ ನಡೆಯದು, ಯಾಕೆಂದರೆ cos(−D) ಮತ್ತು cos D ಒಂದೇ. ಅಲ್ಲಿ ಕೋನಕ್ಕೆ 180° ಸೇರಿಸಬೇಕು. cos(180° + D) = −cos D ಆಗುವುದರಿಂದ cos C − cos D ಕೂಡ ಮೊತ್ತವೇ ಆಯಿತು. ಆ 180° ಅರ್ಧವಾಗಿ 90° ಆಗುತ್ತದೆ. ಅದರಿಂದಲೇ ಎರಡು ಕೊಸೈನ್ ಇದ್ದ ಕಡೆ ಎರಡು ಸೈನ್ ಬರುತ್ತವೆ, ಮುಂದೆ ಒಂದು ಋಣ ಚಿಹ್ನೆಯೂ ಬರುತ್ತದೆ:

cos C − cos D = −2 sin((C + D)/2) · sin((C − D)/2)

ಹುಡುಗರು ಬೀಳಿಸುವುದು ಇದೇ ಚಿಹ್ನೆಯನ್ನು. C = D ಹಾಕಿ ಪರೀಕ್ಷಿಸಿದರೆ ಗೊತ್ತಾಗಲ್ಲ, ಎರಡೂ ಕಡೆ ಸೊನ್ನೆ ಬರುತ್ತದೆ. C = 0°, D = 90° ಹಾಕಿ. ಎಡಗಡೆ 1. ಚಿಹ್ನೆ ಬಿಟ್ಟಿದ್ದರೆ ಬಲಗಡೆ −1 ಬರುತ್ತದೆ, ಕೂಡಲೇ ಸಿಕ್ಕಿಬೀಳುತ್ತದೆ. ಪುಸ್ತಿಕೆಯಲ್ಲಿ ಇದನ್ನೊಂದು ಸಾಲು ಸೇರಿಸಿದರೆ ಉಪಕಾರ.

ತಂತಿನಾದ:
ನಡುವೆ ನನ್ನದೊಂದು. 440 ಮತ್ತು 444 ಹರ್ಟ್ಸಿನ ಎರಡು ತಂತಿ ಒಟ್ಟಿಗೆ ಮೀಟಿದರೆ ಸದ್ದು ಏರಿ ಇಳಿಯುತ್ತದೆ. ಸೂತ್ರ ಹಾಕಿದರೆ 442ರ ಸೈನ್ ಗುಣಿಸು 2ರ ಕೊಸೈನ್ ಬರುತ್ತದೆ. ಕಿವಿಗೆ ಕೇಳುವುದು ಸೆಕೆಂಡಿಗೆ ನಾಲ್ಕು ಏರಿಳಿತ. ಹಾಗಾದರೆ ಸೂತ್ರದಲ್ಲಿ ವ್ಯತ್ಯಾಸದ ‘ಅರ್ಧ’ ಎನ್ನುವುದೇ ತಪ್ಪಲ್ವಾ?

ಲೆಕ್ಕದಮೇಜು:
ಇಲ್ಲಿ ಕೇಳಿದ್ದು ಅದಲ್ಲ, ಆದರೂ ಹೇಳುತ್ತೇನೆ. ಅರ್ಧ ಸರಿಯಾಗಿದೆ. ಆ ಕೊಸೈನ್ ಒಂದು ಸುತ್ತಿನಲ್ಲಿ ಒಮ್ಮೆ +1, ಒಮ್ಮೆ −1 ಮುಟ್ಟುತ್ತದೆ. ಕಿವಿಗೆ ಚಿಹ್ನೆ ತಿಳಿಯದು, ಎರಡೂ ಜೋರೇ. ಎರಡು ಸುತ್ತಿಗೆ ನಾಲ್ಕು.

ಎರಡನೇ ಪ್ರಶ್ನೆಯೇ ನಿಜವಾದ ತೊಡಕು. ‘ಸುಲಭ ರೂಪ’ ಎಂಬುದು ಮುಂದೆ ಏನು ಮಾಡಬೇಕು ಎಂಬುದರ ಮೇಲೆ ನಿಂತಿದೆ. cos 20° · cos 40° · cos 80° ತೆಗೆದುಕೊಳ್ಳಿ. ಗುಣಿಸಿದ ರೂಪದಲ್ಲಿ ಒಂದೂ ಅಲುಗಾಡುವುದಿಲ್ಲ. ಮೊದಲೆರಡನ್ನು ಮೊತ್ತ ಮಾಡಿದರೆ ½(cos 60° + cos 20°), ಅಂದರೆ ¼ + ½ cos 20°. ಇದನ್ನು cos 80°ಯಿಂದ ಗುಣಿಸಿದರೆ ¼ cos 80° + ½ cos 20° · cos 80°. ಎರಡನೇ ತುಂಡನ್ನು ಮತ್ತೆ ಮೊತ್ತ ಮಾಡಿದರೆ ¼ cos 100° + ⅛. cos 100° ಎಂದರೆ −cos 80°. ಹಾಗಾಗಿ ¼ cos 80° ಹೊಡೆದುಹೋಗಿ ⅛ ಉಳಿಯುತ್ತದೆ. ಕೂಡಿಸಿದ ರೂಪದಲ್ಲಿ ಪದಗಳು ಒಂದನ್ನೊಂದು ಹೊಡೆದುಹಾಕುತ್ತವೆ, ಅದಕ್ಕೇ ಈ ದಿಕ್ಕು.

sin 5x + sin x = sin 3x ಬಿಡಿಸುವಾಗ ತಿರುಗುಮುರುಗು. ಎಡಗಡೆ 2 sin 3x · cos 2x ಆಗುತ್ತದೆ. ಎಲ್ಲವನ್ನೂ ಒಂದೇ ಕಡೆ ತಂದರೆ sin 3x · (2 cos 2x − 1) = 0. ಇಲ್ಲಿ ಬೇಕಾದದ್ದು ಅಪವರ್ತನಗಳು, ಒಂದೊಂದನ್ನೂ ಸೊನ್ನೆ ಮಾಡಿದರೆ ಉತ್ತರ. ಎರಡೂ ಕಡೆಯಿಂದ sin 3x ಹೊಡೆದುಹಾಕಿದವರು x = 0, 60°, 120° ಎಲ್ಲವನ್ನೂ ಕಳೆದುಕೊಳ್ಳುತ್ತಾರೆ.

ಆದ್ದರಿಂದ ‘ಸುಲಭ ರೂಪಕ್ಕೆ ತನ್ನಿ’ ತೆಗೆದು ‘ಮೊತ್ತವಾಗಿ ಬರೆಯಿರಿ’, ‘ಗುಣಲಬ್ಧವಾಗಿ ಬರೆಯಿರಿ’ ಎಂದು ನೇರವಾಗಿ ಹೇಳಿ. ‘ಕೂಡುಕಳೆ’ ಒಳ್ಳೆಯ ಪದವೇ, ಆದರೆ ಅದು ಹೋಗುವ ದಿಕ್ಕನ್ನು ಮಾತ್ರ ಹೇಳುತ್ತದೆ. ವಾಪಸ್ ಬರುವುದಕ್ಕೆ ಅದರಲ್ಲಿ ಜಾಗವಿಲ್ಲ.

ತಿಳಿಗನ್ನಡ:
ವಾಪಸ್ಸಿಗೆ ‘ಪೆರ್ಚಿಕೆ’ ಎನ್ನಿ. ಹಳೆಗನ್ನಡದಲ್ಲಿ ಪೆರ್ಚು ಎಂದರೆ ಹೆಚ್ಚು. ಗುಣಿಸಿದರೆ ಹೆಚ್ಚುತ್ತದೆ ತಾನೇ.

ಲೆಕ್ಕದಮೇಜು:
½ಅನ್ನು ½ರಿಂದ ಗುಣಿಸಿದರೆ ¼. ಎಲ್ಲಿ ಹೆಚ್ಚಿತು? ಸೈನ್, ಕೊಸೈನ್ 1ನ್ನು ದಾಟುವುದೇ ಇಲ್ಲ, ಗುಣಿಸಿದರೆ ಒಂದೋ ಅಷ್ಟೇ ಇರುತ್ತವೆ ಇಲ್ಲವೇ ಕುಗ್ಗುತ್ತವೆ. ಈ ಜಾಗಕ್ಕೆ ಆ ಪದ ಖಂಡಿತ ಬೇಡ.

ತಿಳಿಗನ್ನಡ:
‘ಗುಣ’ ಎಂದರೆ ಮಾತ್ರ ಲೆಕ್ಕ ಎಂದು ಹೊಳೆಯುತ್ತದಾ? ಸಂಸ್ಕೃತಕ್ಕಾದರೆ ಹಳೆಯ ಬಳಕೆ ಎಂಬ ರಿಯಾಯಿತಿ, ಕನ್ನಡಕ್ಕಾದರೆ ತಕ್ಕಡಿ ಹಿಡಿಯುತ್ತೀರಿ.

ಪದಮೂಲ:
ರಿಯಾಯಿತಿ, ವಾಪಸ್ಸು. ಎರಡನ್ನೂ ಹೊರಗಿನಿಂದ ತಂದು ನೀವೇ ಬಳಸಿದಿರಿ. ಸಾಲ ತಂದ ಪದ ನಾಲಿಗೆಗೆ ಒಗ್ಗಿದ ಮೇಲೆ ಅದು ಕನ್ನಡವೇ. ಜ್ಯಾ ಕೂಡ ಹಾಗೆಯೇ ಒಗ್ಗಲಿ ಎಂದಷ್ಟೇ ನನ್ನ ವಾದ.

ಲೆಕ್ಕದಮೇಜು:
ಕ್ಯಾಲ್ಕ್ಯುಲೇಟರಿನ ಗುಂಡಿಯ ಮೇಲೆ sin ಎಂದಿದೆ. ಹುಡುಗರು ಒತ್ತುವುದು ಅದನ್ನು.

ಅನುವಾದಿ:
ಎಲ್ಲರಿಗೂ ಧನ್ಯವಾದ. ತಲೆಬರಹ ‘ಗುಣಲಬ್ಧದಿಂದ ಮೊತ್ತಕ್ಕೆ’, ‘ಮೊತ್ತದಿಂದ ಗುಣಲಬ್ಧಕ್ಕೆ’ ಎಂದೇ ಇಡುತ್ತೇನೆ. ‘ಸುಲಭ ರೂಪ’ ಎರಡೂ ಕಡೆ ಹೋಯಿತು. 0°–90° ಪರೀಕ್ಷೆಯ ಸಾಲನ್ನು ಸೇರಿಸಿದೆ. ಇನ್ನೊಂದೇ ಉಳಿದಿದೆ. ಕೊನೆಯ ಲೆಕ್ಕ sin 50° + cos 10° ಎಂದಿದೆ. ಒಂದು ಸೈನ್, ಒಂದು ಕೊಸೈನ್. ಇದಕ್ಕೂ ಅದೇ ತಲೆಬರಹ ಸಾಕಾ?

ಲೆಕ್ಕದಮೇಜು:
ಸಾಕು. cos 10° ಎಂದರೆ sin 80°. ಮೊದಲು ಹಾಗೆ ಬದಲಿಸಿ, ಆಮೇಲೆ 2 sin 65° · cos 15°. ಬೆರಕೆ ಇದ್ದಾಗ ಒಂದೇ ಜಾತಿಗೆ ತರಬೇಕು ಎಂದು ಲೆಕ್ಕದ ಕೆಳಗೆ ಸುಳಿವು ಕೊಡಿ.

ತಿಳಿಗನ್ನಡ:
ಗುಣಲಬ್ಧಕ್ಕೆ ನನ್ನ ಒಪ್ಪಿಗೆ ಇಲ್ಲ. ಎರಡನೇ ಮುದ್ರಣದ ಹೊತ್ತಿಗೆ ಮತ್ತೆ ಬರೆಯುತ್ತೇನೆ.